ಯಜಮಾನರ ಫಿಕ್ಸೆಡ್ ಡಿಪಾಸಿಟ್ ಹಣ ಬಿಡುಗಡೆ ಮಾಡಿಕೊಡುವಂತೆ ಮನವಿ

ದಿನಾಂಕ: 04-08-2025

ಇಂದ,
ಗಿರಿಜಮ್ಮ, ಕೋಂ ದಿವಂಗತ ಬಸವರಾಜಯ್ಯ
ಹೊನ್ನವಳ್ಳಿ, ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ

ಗೆ,
ಶಾಖಾ ವ್ಯವಸ್ಥಾಪಕರು
ಬಿ.ಎಚ್. ರಸ್ತೆ ಶಾಖೆ, ತಿಪಟೂರು

ವಿಷಯ: ನನ್ನ ಯಜಮಾನರ ಹೆಸರಿನಲ್ಲಿರುವ ಎಫ್‌ಡಿ (ರಸೀದಿ ಸಂಖ್ಯೆ 0062417) ಹಣವನ್ನು ವಾರಸುದಾರರಾದ ನಮಗೆ ಕೊಡುವ ಬಗ್ಗೆ.

ಮಾನ್ಯರೇ,

ನನ್ನ ಯಜಮಾನರು ಬಸವರಾಜಯ್ಯನವರು ಕಳೆದ ಮಾರ್ಚ್ 9ರಂದು ಹೃದಯಾಘಾತದಿಂದ ತೀರಿಕೊಂಡರು. ಅವರು ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿದ್ದರು. ನಿಮ್ಮ ಶಾಖೆಯ ಹಳೆಯ ಸಿಬ್ಬಂದಿಗೆ ಅವರ ಪರಿಚಯ ಇರಬಹುದು. ಹರಾಜಿನ ದಿನಗಳಲ್ಲಿ ಮಂಡಿಯ ದುಡ್ಡು ಕಟ್ಟಲು ಅವರೇ ಬರುತ್ತಿದ್ದರು.

2014ರ ಜೂನ್‌ನಲ್ಲಿ ಅವರು ನಿಮ್ಮಲ್ಲಿ 2 ಲಕ್ಷ ರೂಪಾಯಿ ಐದು ವರ್ಷಕ್ಕೆ ಇಟ್ಟರು. 2019ರಲ್ಲಿ ಒಮ್ಮೆ, 2024ರ ಜೂನ್ 10ರಂದು ಮತ್ತೊಮ್ಮೆ ಬಡ್ಡಿ ಸಮೇತ ರಿನ್ಯೂ ಆಗಿದೆ. ಈಗ ರಸೀದಿಯಲ್ಲಿ ಇರುವ ಮೊತ್ತ 4,36,162 ರೂಪಾಯಿ. ಅವಧಿ ಮುಗಿಯುವುದು 2029ರ ಜೂನ್ 10ಕ್ಕೆ.

ತೊಡಕು ಇರುವುದು ನಾಮಿನಿ ವಿಷಯದಲ್ಲಿ. ಠೇವಣಿ ಇಡುವಾಗ ಅವರು ತಮ್ಮ ತಾಯಿಯ ಹೆಸರು ಕೊಟ್ಟಿದ್ದರು. ನಮ್ಮತ್ತೆ 2018ರಲ್ಲೇ ತೀರಿಕೊಂಡರು. ಆಮೇಲೆ ಎರಡು ಸಲ ರಿನ್ಯೂ ಆದರೂ ಹೆಸರು ಹಾಗೇ ಉಳಿದುಬಿಟ್ಟಿದೆ. ಬಾಂಡ್ ಇಟ್ಟಿದ್ದ ಕಂದು ಕವರಿನ ಹಿಂದೆ ನನ್ನ ಯಜಮಾನರು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾರೆ: "ಅವ್ವನ ಹೆಸರು ತೆಗೆಸಿ ಗಿರಿಜ ಹೆಸರು ಹಾಕಿಸಬೇಕು." ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮಂಡಿ ಲೆಕ್ಕದಲ್ಲಿ ಮರೆಯಬಾರದ ಬಾಕಿಗೆ ಅವರು ಹಾಗೇ ಗೆರೆ ಎಳೆಯುತ್ತಿದ್ದುದು. ಈ ಬರಹ ಕಾನೂನಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಆ ಕವರನ್ನು ಇದರ ಜೊತೆ ಇಟ್ಟಿಲ್ಲ, ನನ್ನ ಹತ್ತಿರವೇ ಇದೆ. ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ನಿಮಗೂ ತಿಳಿದಿರಲಿ ಅಂತ ಹೇಳುತ್ತಿದ್ದೇನೆ.

ನಾನು ಏಪ್ರಿಲ್‌ನಲ್ಲಿ ಒಂದು ಸಲ, ಜೂನ್‌ನಲ್ಲಿ ಎರಡು ಸಲ ಶಾಖೆಗೆ ಬಂದಿದ್ದೆ. ನಾಮಿನಿ ಬದುಕಿಲ್ಲ, ಹಾಗಾಗಿ ಕೋರ್ಟಿನಿಂದ ವಾರಸಾ ಪ್ರಮಾಣಪತ್ರ ತರಲೇಬೇಕು ಅಂತ ಕೌಂಟರ್‌ನಲ್ಲಿ ಹೇಳಿದರು. ವಕೀಲರನ್ನು ವಿಚಾರಿಸಿದೆ. ಅರ್ಜಿ ಹಾಕಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಕೋರ್ಟ್ ಶುಲ್ಕ ಕಟ್ಟಬೇಕು, ಆರೇಳು ತಿಂಗಳಾದರೂ ಹಿಡಿಯುತ್ತದೆ ಅಂದರು. ನಮ್ಮಲ್ಲಿ ಜಗಳ ಇಲ್ಲ, ಪಾಲಿನ ತಕರಾರು ಇಲ್ಲ. ಹಾಗಿರುವಾಗ ಇಷ್ಟೆಲ್ಲ ಯಾಕೆ ಸ್ವಾಮಿ?

ತೀರಿಕೊಂಡವರ ಠೇವಣಿ ಬಗ್ಗೆ ರಿಸರ್ವ್ ಬ್ಯಾಂಕ್ 2005ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ನಾಮಿನಿ ಇಲ್ಲದಿದ್ದರೂ ಜನಸಾಮಾನ್ಯರಿಗೆ ತೊಂದರೆ ಆಗದಂತೆ ಸರಳವಾಗಿ ಇತ್ಯರ್ಥ ಮಾಡಬೇಕು ಅಂತ ಅದರಲ್ಲಿದೆ. ಪ್ರತಿ ಬ್ಯಾಂಕೂ ಒಂದು ಮಿತಿ ಇಟ್ಟುಕೊಂಡು, ಅದರೊಳಗಿನ ಮೊತ್ತವನ್ನು ನಷ್ಟಭರ್ತಿ ಪತ್ರದ ಮೇಲೆಯೇ ಕೊಡಬಹುದು ಅಂತಲೂ ಇದೆ. ನಿಮ್ಮ ಬ್ಯಾಂಕಿನ ಮಿತಿ ಎಷ್ಟು ಅಂತ ಮೂರು ಸಲ ಬಂದಾಗಲೂ ಯಾರೂ ಹೇಳಲಿಲ್ಲ. ನಮ್ಮ ಮೊತ್ತ ಆ ಮಿತಿಯೊಳಗೆ ಇದ್ದರೆ ಕೋರ್ಟಿಗೆ ಕಳಿಸಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ವಾರಸುದಾರರು ನಾವು ಮೂರೇ ಜನ. ನಾನು, ಅರಸೀಕೆರೆಗೆ ಕೊಟ್ಟಿರುವ ಮಗಳು ಸುಮಾ, ಬೆಂಗಳೂರಿನ ಪೀಣ್ಯದಲ್ಲಿ ಕೆಲಸದಲ್ಲಿರುವ ಮಗ ಚೇತನ್. ಇಬ್ಬರೂ ಮಕ್ಕಳು ವಯಸ್ಕರು. ಹಣ ನನ್ನ ಖಾತೆಗೇ ಬರಲಿ ಅಂತ ಇಬ್ಬರೂ ಒಪ್ಪಿ ಸಹಿ ಹಾಕಿದ್ದಾರೆ. ಮಗಳು ಕೈಗೂಸನ್ನು ಎತ್ತಿಕೊಂಡು ಬಂದು ನೋಟರಿ ಮುಂದೆ ಕೂತು ಸಹಿ ಮಾಡಿ ಹೋದಳು.

ಇದರೊಂದಿಗೆ ಇಟ್ಟಿರುವ ದಾಖಲೆಗಳು:

1. ಎಫ್‌ಡಿ ಬಾಂಡ್, ಅಸಲು. ಹಿಂಬದಿಯಲ್ಲಿ ರೆವಿನ್ಯೂ ಸ್ಟಾಂಪ್ ಅಂಟಿಸಿ ಮೂವರೂ ಸಹಿ ಮಾಡಿದ್ದೇವೆ.
2. ಯಜಮಾನರ ಮರಣ ಪ್ರಮಾಣಪತ್ರ. ಅಸಲನ್ನು ತೋರಿಸಿ ವಾಪಸ್ ಪಡೆಯುತ್ತೇನೆ, ನಕಲು ಇಟ್ಟಿದ್ದೇನೆ.
3. ನಾಮಿನಿಯಾಗಿದ್ದ ನಮ್ಮತ್ತೆಯವರ ಮರಣ ಪ್ರಮಾಣಪತ್ರದ ನಕಲು.
4. ನಾಡಕಚೇರಿಯಿಂದ ಪಡೆದ ವಂಶವೃಕ್ಷ ಮತ್ತು ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ.
5. ನಿಮ್ಮ ಶಾಖೆಯಲ್ಲೇ ಕೊಟ್ಟ ಕ್ಲೇಮ್ ಫಾರಂ, ಭರ್ತಿ ಮಾಡಿದ್ದು.
6. ಮಗ ಮತ್ತು ಮಗಳ ಒಪ್ಪಿಗೆ ಪತ್ರ, ನೋಟರಿ ಮಾಡಿಸಿದ್ದು.
7. ಛಾಪಾ ಕಾಗದದ ಮೇಲೆ ನಷ್ಟಭರ್ತಿ ಪತ್ರ. ಇಬ್ಬರು ಜಾಮೀನುದಾರರು ಸಹಿ ಮಾಡಿದ್ದಾರೆ, ಇಬ್ಬರಿಗೂ ನಿಮ್ಮ ಶಾಖೆಯಲ್ಲಿ ಖಾತೆ ಇದೆ.
8. ಹೆಸರಿನ ವ್ಯತ್ಯಾಸದ ಬಗ್ಗೆ ಅಫಿಡವಿಟ್.
9. ನಮ್ಮ ಮೂವರ ಆಧಾರ್ ಮತ್ತು ಪ್ಯಾನ್ ನಕಲು, ತಲಾ ಎರಡು ಫೋಟೊ.
10. ನನ್ನ ಉಳಿತಾಯ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟದ ನಕಲು.

ಎಂಟನೆಯದರ ಬಗ್ಗೆ ಒಂದು ಮಾತು. ಬಾಂಡಿನಲ್ಲಿ "ಬಸವರಾಜ್ ಟಿ.ಎಂ." ಅಂತಿದೆ, ಮರಣ ಪ್ರಮಾಣಪತ್ರದಲ್ಲಿ "ಬಸವರಾಜಯ್ಯ" ಅಂತಿದೆ. ಆಧಾರ್‌ನಲ್ಲೂ ಬಸವರಾಜಯ್ಯ ಅಂತಲೇ ಇದೆ. ಎರಡೂ ಒಬ್ಬರದೇ ಹೆಸರು. ತಂದೆ ಹೆಸರು, ವಿಳಾಸ, ಹುಟ್ಟಿದ ದಿನಾಂಕ ಎಲ್ಲದರಲ್ಲೂ ಒಂದೇ ಇದೆ, ತಾಳೆ ನೋಡಬಹುದು.

ಅವಧಿಗೆ ಮುಂಚೆ ಮುರಿಸುತ್ತಿದ್ದೇವೆ ಅಂತ ದಂಡ ಹಿಡಿಯಬೇಡಿ. ಠೇವಣಿದಾರರು ತೀರಿಕೊಂಡಾಗ ಮುರಿಸಿದರೆ ದಂಡ ಇಲ್ಲ ಅಂತ ರಿಸರ್ವ್ ಬ್ಯಾಂಕಿನ ಅದೇ ಸೂಚನೆಯಲ್ಲಿದೆ. ಠೇವಣಿ ನಿಮ್ಮಲ್ಲಿದ್ದಷ್ಟು ದಿನಕ್ಕೆ ಸಲ್ಲುವ ಬಡ್ಡಿ ಹಾಕಿಕೊಟ್ಟರೆ ಸಾಕು.

ಈ ಹಣ ಯಾಕೆ ಬೇಕು ಅಂತಲೂ ಹೇಳಿಬಿಡುತ್ತೇನೆ. ತುಮಕೂರಿನ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡಿದ್ದರು. ಆಗ ಮಂಡಿ ಮಾಲೀಕರ ಹತ್ತಿರ 1,20,000 ರೂಪಾಯಿ ಕೈಸಾಲ ಮಾಡಿದ್ದೇವೆ. ಅವರು ಬಡ್ಡಿ ಕೇಳುತ್ತಿಲ್ಲ. ಆದರೆ ಅವರ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ತಲೆ ಎತ್ತಲು ಆಗುತ್ತಿಲ್ಲ. ಆ ಸಾಲ ತೀರಿಸಿ, ಉಳಿದದ್ದನ್ನು ನಿಮ್ಮ ಶಾಖೆಯಲ್ಲೇ ನನ್ನ ಹೆಸರಿಗೆ ಇಡುತ್ತೇನೆ. ನಾಮಿನಿ ಹೆಸರು ಮಗಳದ್ದು. ಈ ಸಲ ಅದನ್ನು ಮೊದಲ ದಿನವೇ ಬರೆಸುತ್ತೇನೆ.

ದಾಖಲೆ ಸರಿಯಾಗಿದ್ದರೆ 15 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ನಿಯಮವಿದೆ. ಏನಾದರೂ ಕಡಿಮೆ ಇದ್ದರೆ ದಯವಿಟ್ಟು ಒಂದೇ ಸಲಕ್ಕೆ, ಬರಹದಲ್ಲಿ ತಿಳಿಸಿ. ಹೊನ್ನವಳ್ಳಿಯಿಂದ ಪ್ರತಿ ಸಲ ಒಂದೊಂದು ಕಾಗದಕ್ಕೆ ಬಂದು ಹೋಗುವುದು ನನಗೆ ಕಷ್ಟ, ಒಂದು ದಿನದ ಕೂಲಿಯೂ ಹೋಗುತ್ತದೆ. ಈ ಅರ್ಜಿಯ ಎರಡನೇ ಪ್ರತಿ ತಂದಿದ್ದೇನೆ. ಅದರ ಮೇಲೆ ತಲುಪಿದ ದಿನಾಂಕ, ಸೀಲು ಹಾಕಿ ಸಹಿ ಮಾಡಿಕೊಡಿ.

ಇಂತಿ ತಮ್ಮ ವಿಶ್ವಾಸಿ,

(ಗಿರಿಜಮ್ಮ)

ನಮ್ಮ ಒಪ್ಪಿಗೆ ಇದೆ:
ಸುಮಾ (ಮಗಳು)
ಚೇತನ್ (ಮಗ)