ಎಳ್ಳ ಅಮವಾಸ್ಯೆಯ ಚರಗಕ್ಕೆ ಬರಲಾಗದ ಕುರಿತು

ಮೈಸೂರು

ಪೂಜ್ಯ ಅಣ್ಣನವರಿಗೆ, ಶರಣು.

ನಮ್ಮ ಶಾಲೆಯ ಹಳೆಯ ಶಿಕ್ಷಕರೆಲ್ಲರೂ ಈ ಸಲದ ಎಳ್ಳ ಅಮವಾಸ್ಯೆಗೆ ಜೇವರ್ಗಿ ಹತ್ತಿರದ ನಿಮ್ಮ ಹೊಲದಲ್ಲಿ ಕೂಡಬೇಕೆಂದು ನೀವು ಗುಂಪಿಗೆ ಕಳಿಸಿದ ಆಮಂತ್ರಣವನ್ನು ನಿನ್ನೆ ರಾತ್ರಿ ಓದಿದೆ. ಊರು ಬಿಟ್ಟು ಇಷ್ಟು ವರ್ಷಗಳಾದ ಮೇಲೂ ಆ 14 ಹೆಸರುಗಳಲ್ಲಿ ನನ್ನದನ್ನೂ ಸೇರಿಸಿ ಕರೆದಿದ್ದೀರಿ, ಅದಕ್ಕೆ ನಾನು ಋಣಿ. ಆದರೆ ಈ ಬಾರಿ ನನಗೆ ಬರಲಾಗುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಎಲ್ಲರ ಟಿಕೆಟನ್ನೂ ಒಟ್ಟಿಗೆ ಮಾಡಿಸುವ ಯೋಚನೆ ನಿಮ್ಮಲ್ಲಿರುವುದರಿಂದ, "ನೋಡೋಣ" ಎಂದು ಹೇಳಿ ನಿಮ್ಮನ್ನು ಕಾಯಿಸುವುದು ಸರಿಯಲ್ಲವೆನಿಸಿ ಇಂದೇ ತಿಳಿಸುತ್ತಿದ್ದೇನೆ.

ನಾವು ಒಡಹುಟ್ಟಿದವರು ಮೂವರೂ ತಿಂಗಳಿಗೊಬ್ಬರಂತೆ ಅಮ್ಮನ ಜೊತೆ ಇರುವ ಏರ್ಪಾಡು ಮಾಡಿಕೊಂಡಿದ್ದೇವೆ. ಅಮವಾಸ್ಯೆ ಬರುವ ತಿಂಗಳು ನನ್ನ ಸರದಿ. ಅಮ್ಮ ಚೆನ್ನಾಗಿದ್ದಾರೆ, ಗಾಬರಿಪಡುವಂಥದ್ದೇನೂ ಇಲ್ಲ. ಒಬ್ಬರನ್ನೇ ಬಿಡುವಂತಿಲ್ಲ ಅಷ್ಟೆ. ಅವರನ್ನೂ ಕರೆದುಕೊಂಡು ಬಾ ಎಂದು ನೀವು ಹೇಳುವಿರೆಂಬುದೂ, ಹಾಗೆ ಬಂದರೆ ವೈನಿಯವರು ಅವರನ್ನು ತಮ್ಮ ತಾಯಿಯಂತೆಯೇ ನೋಡಿಕೊಳ್ಳುವರೆಂಬುದೂ ನನಗೆ ಗೊತ್ತು. ಆದರೆ ಇಡೀ ರಾತ್ರಿ ರೈಲಿನಲ್ಲಿ ಕೂತು ಬರುವುದು ಈ ವಯಸ್ಸಿನಲ್ಲಿ ಅವರಿಂದಾಗದು. ಅಣ್ಣ ಮತ್ತು ತಂಗಿ ತಮ್ಮ ತಿಂಗಳುಗಳಲ್ಲಿ ಒಮ್ಮೆಯೂ ನನ್ನನ್ನು ಅದಲುಬದಲು ಕೇಳಿದವರಲ್ಲ, ಆದ್ದರಿಂದ ನಾನೂ ಅವರನ್ನು ಕೇಳಲಾರೆ. ಈ ಮಾತನ್ನು ನೀವು ಬೇರೆಯಾಗಿ ತಿಳಿಯುವುದಿಲ್ಲವೆಂಬ ನಂಬಿಕೆ ನನಗಿದೆ.

ಹೊಲಕ್ಕೆ ಬರಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದಾಳೆಂಬ ಸಣ್ಣ ಸಂಶಯವೂ ನಿಮ್ಮಲ್ಲಿ ಉಳಿಯಬಾರದು. ನಾನು ಕಲಬುರಗಿಗೆ ಬಂದ ಮೊದಲ ವರ್ಷ, ಚರಗವೆಂದರೇನೆಂದು ತಿಳಿಯದೆ, ಎಳ್ಳ ಅಮವಾಸ್ಯೆಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದ ನನ್ನನ್ನು ನೀವು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಆ ಎರೆ ಹೊಲಕ್ಕೆ ಒಯ್ದಿರಿ. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜೆ ಮಾಡಿ, ನೀವು ಮುಂದೆ ಚರಗ ಚೆಲ್ಲುತ್ತ ನಡೆದಾಗ ಹಿಂದಿನಿಂದ ನೀರು ಚಿಮುಕಿಸುತ್ತ ಬರಲು ತಂಬಿಗೆಯನ್ನು ನನ್ನ ಕೈಗೆ ಕೊಟ್ಟಿರಿ. ಮನೆಯವರು ಮಾಡುವ ಕೆಲಸವನ್ನು, ಬಂದು ಆರು ತಿಂಗಳೂ ಆಗದ ಪರಊರಿನವಳಿಗೆ ಕೊಟ್ಟಿರಲ್ಲ ಎಂದು ಅಂದು ಕಣ್ಣು ತುಂಬಿ ಬಂದಿತ್ತು. ವೈನಿಯವರ ಸಜ್ಜೆ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆ, ಆಮೇಲೆ ಮಣ್ಣಿನ ಗಡಿಗೆಯಿಂದ ಬಗ್ಗಿಸಿಕೊಟ್ಟ ಅಂಬಲಿ, ಇವೆಲ್ಲದರ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ. ಆ ತಂಬಿಗೆಯನ್ನು ಈ ಸಲ ನಮ್ಮಲ್ಲಿ ಎಲ್ಲರಿಗಿಂತ ಕಿರಿಯರಾದ ವಿಜ್ಞಾನದ ಟೀಚರ ಕೈಗೆ ಕೊಡಿ ಎಂಬುದೊಂದೇ ನನ್ನ ಕೋರಿಕೆ. ಅವರು ನಾನು ಬಿಟ್ಟ ಮೇಲೆ ಶಾಲೆಗೆ ಸೇರಿದವರು, ಹೊಲದ ಊಟವನ್ನು ಇನ್ನೂ ಕಂಡಿಲ್ಲವಂತೆ.

ಟಿಕೆಟಿನಲ್ಲಾಗಲಿ, ನಿಲ್ದಾಣದಿಂದ ಹೊಲಕ್ಕೆ ಮಾಡುವ ಗಾಡಿಯಲ್ಲಾಗಲಿ, ಊಟದ ಎಲೆಯಲ್ಲಾಗಲಿ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನಗಾಗಿ ದಿನ ಮುಂದೂಡುವ ಮಾತಂತೂ ಬೇಡವೇ ಬೇಡ, ಅಮವಾಸ್ಯೆ ನಮ್ಮ ಅನುಕೂಲ ನೋಡಿ ಬರುವುದಿಲ್ಲ. ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ಕಾರಣ ಕೇಳಿ, ನಿಮ್ಮ ಆಮಂತ್ರಣ ಮೇಲೆ ಹೋಗಿ ಮರೆಯಾಗಬಾರದೆಂದು ಈ ಪತ್ರವನ್ನು ನಿಮಗೊಬ್ಬರಿಗೇ ಬರೆದಿದ್ದೇನೆ. ಅಲ್ಲಿ ಇಷ್ಟನ್ನು ಮಾತ್ರ ಹಾಕುತ್ತೇನೆ: "ಅಣ್ಣನವರ ಕರೆಗೆ ಶರಣು. ಮನೆಯ ಜವಾಬ್ದಾರಿಯಿಂದಾಗಿ ಈ ಸಲ ನನಗೆ ಬರಲಾಗುತ್ತಿಲ್ಲ, ಅಣ್ಣನವರಿಗೆ ತಿಳಿಸಿದ್ದೇನೆ. ನೀವೆಲ್ಲರೂ ಹೋಗಿ ಬನ್ನಿ."

ಹಬ್ಬದ ಓಡಾಟದ ನಡುವೆ ಇದಕ್ಕೆ ಉತ್ತರ ಬರೆಯುವ ಅಥವಾ ಫೋನ್ ಮಾಡುವ ಶ್ರಮ ತೆಗೆದುಕೊಳ್ಳಬೇಡಿ. ನೀವು ಓದಿದರೆ ನನಗಷ್ಟೇ ಸಾಕು. ಹೊಲದಲ್ಲಿ ಎಲ್ಲರೂ ಕೂಡಿ ಊಟಕ್ಕೆ ಕುಳಿತಾಗ ತೆಗೆದ ಒಂದು ಚಿತ್ರವನ್ನು ಮಾತ್ರ ಆಮೇಲೆ ಕಳಿಸಿಕೊಡಿ, ಅಮ್ಮನಿಗೆ ತೋರಿಸುತ್ತೇನೆ. ವೈನಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಈ ವರ್ಷ ಜೋಳದ ತೆನೆ ತುಂಬಿ ಬರಲಿ.

ಇಂತಿ ನಿಮ್ಮ ತಂಗಿ,
ಮೈಸೂರಿನ ಗಣಿತ ಟೀಚರ್