ಮುತ್ಯಾನ ಟ್ಯಾಬ್

ನಮ್ಮ ಮಾವನವರು ಬ್ಯಾಂಕ್ ಆಫೀಸರ್ ಆಗಿ ರಿಟೈರ್ ಆದವರು. ದಿನಾ ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗಿ ಬಂದು, ಚಹಾ ಕುಡಿಯುತ್ತ ಟ್ಯಾಬಿನಲ್ಲಿ ಸುದ್ದಿ ಓದುತ್ತಾರೆ. ಓದುವುದೇನು ಬಂತು, ಕನ್ನಡಕ ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಟ್ಯಾಬನ್ನು ದೂರ ಹಿಡಿದು ಹತ್ತಿರ ಹಿಡಿದು ಅದರ ಜೊತೆ ಗುದ್ದಾಡುತ್ತಿದ್ದರು. ಅಕ್ಷರ ಸರಿಯಾಗಿ ಕಾಣದೆ ಒಂದಿನ ‘ಅಕ್ಕಿ’ಯನ್ನು ‘ಅತ್ತಿ’ ಅಂತ ಓದಿ, ಅತ್ತಿಹಣ್ಣಿಗೂ ಸರಕಾರ ರೇಟು ಕಟ್ಟಿತಲ್ಲ ಅಂತ ಬೈದರು.

ರಜೆಗೆ ಬಂದಿದ್ದ ನನ್ನ ಮಗಳು ನೋಡಿ ನಕ್ಕಳು. ‘ಮುತ್ಯಾ, ನಾ ಮಾಡಿ ಕೊಡ್ಲೇನು?’

‘ಬ್ಯಾಡವ್ವ, ಹೇಳಿ ಕೊಡು. ನೀ ಊರಿಗೆ ಹೋದ್ಮ್ಯಾಲ ಯಾರನ್ನ ಕೇಳ್ಲಿ?’

ಸೆಟ್ಟಿಂಗ್ಸ್, ಅದರೊಳಗೆ ಡಿಸ್‌ಪ್ಲೇ, ಅಲ್ಲಿ ಫಾಂಟ್ ಸೈಜ್. ಗೆರೆಯ ಮೇಲಿನ ಚುಕ್ಕಿಯನ್ನು ಬಲಕ್ಕೆ ಎಳೆದ ಕೂಡಲೇ ಅಕ್ಷರ ದಪ್ಪದಪ್ಪ ಆದವು. ಕೊನೆಯವರೆಗೂ ಎಳೆದರೆ ಸಾಲಿಗೆ ಎರಡೇ ಪದ ಬಂದವು, ಹಾಗಾಗಿ ಸ್ವಲ್ಪ ಹಿಂದೆ ಸರಿಸಿದರು. ಡಾರ್ಕ್ ಥೀಮ್ ಮಾತ್ರ ಹಗಲಿಗೆ ಹಿಡಿಸಲಿಲ್ಲ, ಕಪ್ಪಿನ ಮೇಲೆ ಬಿಳಿ ಅಕ್ಷರ ಹರಡಿದ ಹಾಗೆ ಕಾಣುತ್ತಂತೆ. ರಾತ್ರಿ ದೀಪ ಆರಿಸಿದ ಮೇಲೆ ಅದೇ ಸರಿ ಅಂದರು, ಅತ್ತೆಯ ಮುಖಕ್ಕೆ ಬೆಳಕೂ ಬೀಳಲ್ಲ. ಇ-ಪೇಪರಿನ ಪುಟ ಮಾತ್ರ ಚಿತ್ರ ಇದ್ದ ಹಾಗೆ, ಅದಕ್ಕೆ ಫಾಂಟ್ ಸೈಜ್ ತಾಗಲ್ಲ, ಎರಡು ಬೆರಳಿನಿಂದ ಹಿಗ್ಗಿಸಲೇಬೇಕು.

ಎಲ್ಲವನ್ನೂ ಹಳೆಯ ಡೈರಿಯಲ್ಲಿ ನಂಬರ್ ಹಾಕಿ ಬರೆದುಕೊಂಡು, ಕೆಳಗೆ ತಾರೀಖು ಹಾಕಿ ಸಹಿ ಮಾಡಿದರು. ಮಗಳ ಕೈಲೂ ಸಹಿ ಮಾಡಿಸಿದರು.