ಬಂದರೆ, ಬಂದಿದ್ದರೆ: ಹತ್ತನೇ ತರಗತಿಗೆ ಶನಿವಾರದ ಅಭ್ಯಾಸ

ಕಾರಟಗಿ. ಕನ್ನಡ ವ್ಯಾಕರಣ. ಸೋಮವಾರ ಮೊದಲ ಪಿರಿಯಡ್‌ಗೆ ನೋಟ್‌ಬುಕ್ಕಿನಲ್ಲಿ ಬರೆದು ತರಬೇಕು.

ಮೊನ್ನೆಯ ಕಿರುಪರೀಕ್ಷೆಯಲ್ಲಿ ಒಬ್ಬ ಹೀಗೆ ಬರೆದಿದ್ದ: ‘ನಿನ್ನೆ ಬಸ್ಸು ಸಿಕ್ಕರೆ ನಾನು ಶಾಲೆಗೆ ಬರುತ್ತೇನೆ.’ ನಿನ್ನೆಯ ಬಸ್ಸು ನಿನ್ನೆಯೇ ಹೋಯಿತು, ಇನ್ನೆಲ್ಲಿ ಸಿಗಬೇಕು? ಬಾಯಲ್ಲಿ ಅವನು ಈ ತಪ್ಪು ಮಾಡುವುದಿಲ್ಲ. ‘ನಿನ್ನಿ ಬಸ್ ಸಿಕ್ಕಿದ್ರ ಬರ್ತಿದ್ದೆ ರೀ ಸರ್’ ಅಂತ ಸರಿಯಾಗಿಯೇ ಅನ್ನುತ್ತಾನೆ. ತೊಡಕು ಬೇರೆ ಕಡೆ ಇದೆ. ನಮ್ಮ ಕಡೆಯ ಮಾತಿನಲ್ಲಿ ‘ಸಿಕ್ಕಿದರೆ’, ‘ಸಿಕ್ಕಿದ್ದರೆ’ ಎರಡೂ ‘ಸಿಕ್ಕಿದ್ರ’ ಆಗಿಬಿಡುತ್ತವೆ. ಕಿವಿಗೆ ಒಂದೇ, ಬರಹಕ್ಕೆ ಎರಡು. ಅದಕ್ಕೇ ಹೇಳುವುದು: ಮೊದಲು ವಾಕ್ಯದ ಬಾಲ ನೋಡಿ, ಆಮೇಲೆ ತಲೆಗೆ ಹೋಗಿ.

ನೋಡಿಕೊಳ್ಳಿ

ಕಾಲುವೆಗೆ ನೀರು ಬಿಟ್ಟರೆ ನಾಟಿ ಮಾಡುತ್ತೇವೆ.
ಬಿಟ್ಟಾರು, ಬಿಡದೆಯೂ ಇದ್ದಾರು. ‘ಬಿಟ್ಟ’ ಎಂಬುದು ಭೂತಕಾಲದ ಹಾಗೆ ಕಂಡರೂ ಇಲ್ಲಿ ಆಗಿಹೋದ ಕೆಲಸ ಯಾವುದೂ ಇಲ್ಲ. ಇದು ಆಗಬಹುದಾದ ಮಾತು.

ಕಾಲುವೆಗೆ ನೀರು ಬಿಟ್ಟಿದ್ದರೆ ನಾಟಿ ಮಾಡುತ್ತಿದ್ದೆವು.
ಬಿಡಲಿಲ್ಲ, ನಾಟಿಯೂ ಆಗಲಿಲ್ಲ. ಇದು ಊಹೆಯ ಮಾತು.

ನಮ್ಮ ಹೊಲ ಕಾಲುವೆಯ ಮೇಲ್ಭಾಗದಲ್ಲಿ ಇದ್ದಿದ್ದರೆ ನೀರಿಗೆ ಜಗಳ ಇರುತ್ತಿರಲಿಲ್ಲ.
ಹೊಲ ಇವತ್ತಿಗೂ ಕೊನೇ ಭಾಗದಲ್ಲೇ ಇದೆ, ಜಗಳವೂ ಇದೆ. ಇಂದಿನ ಸಂಗತಿಯಾದರೂ ಊಹೆಯೇ. ಇಲ್ಲಿ ‘ಇದ್ದರೆ’ ಎಂದು ಬರೆದವರಿಗೂ ನಾನು ಅಂಕ ಕೊಡುತ್ತೇನೆ. ಬಾಲದಲ್ಲಿ ‘ಇರುವುದಿಲ್ಲ’ ಎಂದು ಬರೆದರೆ ಮಾತ್ರ ಅರ್ಥ ಬದಲಾಗುತ್ತದೆ.

ಅಭ್ಯಾಸ 1: ಆವರಣದಲ್ಲಿರುವ ಎರಡರಲ್ಲಿ ಸರಿಯಾದುದನ್ನು ಆರಿಸಿ, ಪೂರ್ತಿ ವಾಕ್ಯ ಬರೆಯಿರಿ

1. ನಾಳೆ ಗಂಗಾವತಿ ಬಸ್ಸು ಬೇಗ (ಬಂದರೆ / ಬಂದಿದ್ದರೆ) ಅಂಜನಾದ್ರಿಯ 575 ಮೆಟ್ಟಿಲನ್ನು ಬಿಸಿಲೇರುವ ಮೊದಲೇ (ಹತ್ತುತ್ತೇವೆ / ಹತ್ತುತ್ತಿದ್ದೆವು).

2. ಅಪ್ಪ ಹಸಿ ಭತ್ತವನ್ನೇ ಮಿಲ್ಲಿಗೆ (ಒಯ್ದರೆ / ಒಯ್ದಿದ್ದರೆ) ರೇಟು ಕಡಿಮೆ (ಸಿಗುತ್ತದೆ / ಸಿಗುತ್ತಿತ್ತು). ಪುಣ್ಯಕ್ಕೆ ಎರಡು ದಿನ ಒಣಗಿಸಿ ಒಯ್ದ.

3. ನಾನು ಕಿನ್ನಾಳದಲ್ಲಿ (ಹುಟ್ಟಿದರೆ / ಹುಟ್ಟಿದ್ದರೆ) ಗೊಂಬೆಗೆ ಬಣ್ಣ ಹಚ್ಚುವುದನ್ನು (ಕಲಿಯುತ್ತೇನೆ / ಕಲಿಯುತ್ತಿದ್ದೆ).

4. ಅಕ್ಕಾ, ಸಂತೆಗೆ (ಹೋದರೆ / ಹೋಗಿದ್ದರೆ) ನನಗೊಂದು ಕಂಪಾಸ್ ಬಾಕ್ಸ್ (ತಾ / ತರುತ್ತಿದ್ದೆ).

5. ಮೋಡ ಹೀಗೇ (ಕಟ್ಟಿದರೆ / ಕಟ್ಟಿದ್ದರೆ) ಸಂಜೆಗೆ ಮಳೆ (ಬಂದೀತು / ಬರುತ್ತಿತ್ತು).

ಅಭ್ಯಾಸ 2: ಅಣೆಕಟ್ಟಿನ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ ಜಾಗ ಮುಚ್ಚಿದರು. ಆ ವಾರ ನಮ್ಮೂರಲ್ಲಿ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ, ನಿಮಗೂ ನೆನಪಿದೆ. ಈಗ ಸರಿಯಾದ ರೂಪ ಆರಿಸಿ. ಯಾರ ತಪ್ಪು ಅಂತ ಬರೆಯುವುದು ಬೇಡ, ವ್ಯಾಕರಣ ಸಾಕು.

6. ಆ ರಾತ್ರಿ ಸರಪಳಿ ತುಂಡಾಗದಿದ್ದರೆ ಗೇಟು (ಉಳಿಯುತ್ತದೆ / ಉಳಿಯುತ್ತಿತ್ತು).

7. ಸರಪಳಿಯನ್ನು ಆಗಾಗ ಪರೀಕ್ಷಿಸದಿದ್ದರೆ ಅದು ಯಾವಾಗಲಾದರೂ (ತುಂಡಾದೀತು / ತುಂಡಾಗುತ್ತಿತ್ತು).

8. ಉಳಿದ ಗೇಟುಗಳನ್ನು ಅಂದು (ತೆರೆಯದಿದ್ದರೆ / ತೆರೆದರೆ) ಒತ್ತಡ (ಹೆಚ್ಚುತ್ತದೆ / ಹೆಚ್ಚುತ್ತಿತ್ತು).

6 ಮತ್ತು 7ನ್ನು ಒಂದರ ಕೆಳಗೊಂದು ಬರೆದು ನೋಡಿ. ‘ತುಂಡಾಗದಿದ್ದರೆ’, ‘ಪರೀಕ್ಷಿಸದಿದ್ದರೆ’ ಒಂದೇ ಅಚ್ಚಿನವು. ಆದರೂ ಒಂದು ಊಹೆ, ಇನ್ನೊಂದು ಅಲ್ಲ. ಯಾಕೆ? ಒಂದು ಸಾಲಿನಲ್ಲಿ ಕಾರಣ ಬರೆಯಿರಿ.

ಅಭ್ಯಾಸ 3: ಮಸ್ಕಿಯ ಶಾಸನ

ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೊರೆ ತನ್ನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದು ಕರೆದುಕೊಂಡಿದ್ದ. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಮುಂದೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು.

9. ಈ ವಾಕ್ಯ ಓದಿ: ‘ಮಸ್ಕಿ ಶಾಸನ ಸಿಗದಿದ್ದರೆ ಅಶೋಕನ ಹೆಸರು ಯಾವ ಶಾಸನದಲ್ಲೂ ಸಿಗುತ್ತಿರಲಿಲ್ಲ.’ ಇದರಲ್ಲಿ ವ್ಯಾಕರಣ ತಪ್ಪೋ, ಸಂಗತಿ ತಪ್ಪೋ? ಸರಿಪಡಿಸಿ ಬರೆಯಿರಿ.

ಅಭ್ಯಾಸ 4: ಬಾಲವೂ ಮೋಸ ಮಾಡುವಾಗ

10. ಅಜ್ಜ ಹೇಳುತ್ತಾರೆ: ‘ನಾವು ಸಣ್ಣವರಿದ್ದಾಗ ಕಾಲುವೆಗೆ ನೀರು ಬಂದರೆ ಊರೇ ದಂಡೆಗೆ ಓಡುತ್ತಿತ್ತು.’ ನೀರು ಬಂದಿತ್ತೋ ಇಲ್ಲವೋ?

ಇದರಲ್ಲಿ ಅವಸರ ಮಾಡಬೇಡಿ. ಹೋದ ವರ್ಷ ಇಡೀ ತರಗತಿ ಇದರಲ್ಲೇ ಬಿದ್ದಿತ್ತು.

ಅಭ್ಯಾಸ 5: ಬರಹದ ಕನ್ನಡಕ್ಕೆ ತನ್ನಿ

11. ಮಗ: ಯವ್ವಾ, ನೀ ಎಬ್ಬಿಸಿದ್ರ ಬಸ್ ತಪ್ತಿರ್ಲಿಲ್ಲ.
ತಾಯಿ: ಎಬ್ಬಿಸಿದ್ರ ಏಳ್ತಿದ್ದೇನು ನೀ? ನಾಳಿ ನಾ ಎಬ್ಬಿಸಿದ್ರ ಸುಮ್ನ ಏಳ್ಬೇಕು. ಏಳ್ಲಿಲ್ಲಂದ್ರ ತಲಿ ಮ್ಯಾಲ ನೀರು ಸುರೀತೀನಿ.

ಮೂರು ‘ಎಬ್ಬಿಸಿದ್ರ’ ಇವೆ. ಮೂರೂ ಒಂದೇ ಅಲ್ಲ.

ಉತ್ತರಗಳು (ಮೊದಲು ಬರೆಯಿರಿ, ಆಮೇಲೆ ಹಾಳೆ ತಿರುವಿ)

1. ಬಂದರೆ, ಹತ್ತುತ್ತೇವೆ. 2. ಒಯ್ದಿದ್ದರೆ, ಸಿಗುತ್ತಿತ್ತು. ‘ಪುಣ್ಯಕ್ಕೆ’ ಎಂಬ ಮಾತೇ ಗುಟ್ಟು ಬಿಟ್ಟುಕೊಡುತ್ತದೆ. 3. ಹುಟ್ಟಿದ್ದರೆ, ಕಲಿಯುತ್ತಿದ್ದೆ. 4. ಹೋದರೆ, ತಾ. ಆಜ್ಞೆ, ಕೋರಿಕೆ ಬಾಲದಲ್ಲಿದ್ದರೆ ಅದು ಆಗಬಹುದಾದ ಮಾತೇ. 5. ಕಟ್ಟಿದರೆ, ಬಂದೀತು. ‘ಬಂದೀತು’ ಸಂಭಾವನಾರ್ಥಕ ಕ್ರಿಯಾಪದ. ‘ಬರುತ್ತದೆ’ಯಷ್ಟು ಭರವಸೆ ಇದರಲ್ಲಿಲ್ಲ. ನಮ್ಮ ಕಡೆಯ ಮೋಡಕ್ಕೆ ಇದೇ ಸರಿ.

6. ಉಳಿಯುತ್ತಿತ್ತು. 7. ತುಂಡಾದೀತು. 8. ತೆರೆಯದಿದ್ದರೆ, ಹೆಚ್ಚುತ್ತಿತ್ತು. ಕಾರಣ ಇಷ್ಟೇ: ‘-ದಿದ್ದರೆ’ ಎಂಬ ನಿಷೇಧ ರೂಪ ಎರಡೂ ಕಡೆ ಬರುತ್ತದೆ, ಬೇರೆ ಮಾಡುವುದು ಕೊನೆಯ ಕ್ರಿಯಾಪದ. ಊಹೆ ಎಂದು ಮೊದಲೇ ತಿಳಿಯಬೇಕೆಂದರೆ ‘ತುಂಡಾಗದೇ ಇದ್ದಿದ್ದರೆ’ ಎಂದು ಬರೆಯಬಹುದು.

9. ವ್ಯಾಕರಣ ಸರಿ, ಸಂಗತಿ ತಪ್ಪು. ನಿಟ್ಟೂರು, ಉಡೇಗೋಳದಲ್ಲಿ ಆ ಹೆಸರು ಇದೆಯಲ್ಲ. ಹೀಗೆ ಬರೆಯಬಹುದು: ‘ಮಸ್ಕಿ ಶಾಸನ 1915ರಲ್ಲಿ ಸಿಗದಿದ್ದರೆ, ಶಾಸನದಲ್ಲಿ ಅಶೋಕನ ಹೆಸರು ಕಾಣಲು ಇನ್ನೂ ಕಾಯಬೇಕಾಗುತ್ತಿತ್ತು.’ ಊಹೆಯ ವಾಕ್ಯಕ್ಕೂ ಲೆಕ್ಕ ಕೊಡಬೇಕು ಮಕ್ಕಳೇ, ಕ್ರಿಯಾಪದ ಸರಿ ಇದ್ದ ಮಾತ್ರಕ್ಕೆ ಬಿಡುವುದಿಲ್ಲ.

10. ಬಂದಿತ್ತು, ಒಂದಲ್ಲ ಹಲವು ಸಲ. ಇಲ್ಲಿ ‘ಬಂದರೆ’ ಎಂದರೆ ಬಂದಾಗಲೆಲ್ಲ. ‘ಓಡುತ್ತಿತ್ತು’ ಹಿಂದಿನ ರೂಢಿಯನ್ನು ಹೇಳುತ್ತದೆ, ಊಹೆಯನ್ನಲ್ಲ. ಅಜ್ಜ ‘ಬಂದಿದ್ದರೆ’ ಅಂದಿದ್ದರೆ ನೀರೂ ಇರುತ್ತಿರಲಿಲ್ಲ, ಓಟವೂ ಇರುತ್ತಿರಲಿಲ್ಲ.

11. ‘ಅವ್ವಾ, ನೀನು ಎಬ್ಬಿಸಿದ್ದರೆ ಬಸ್ಸು ತಪ್ಪುತ್ತಿರಲಿಲ್ಲ.’ ‘ಎಬ್ಬಿಸಿದ್ದರೆ ನೀನು ಏಳುತ್ತಿದ್ದೆಯೇನು? ನಾಳೆ ನಾನು ಎಬ್ಬಿಸಿದರೆ ಸುಮ್ಮನೆ ಏಳಬೇಕು. ಏಳದಿದ್ದರೆ ತಲೆಯ ಮೇಲೆ ನೀರು ಸುರಿಯುತ್ತೇನೆ.’ ಮೊದಲೆರಡು ಹೋದ ಬಸ್ಸಿನ ಮಾತು. ಮೂರನೆಯದು ನಾಳೆಯದು, ನೀರು ನಿಜವಾಗಿಯೂ ಬೀಳುತ್ತದೆ.